ಸೊಂಟ ನೋವಿನ ಫೈಲಿನಲ್ಲಿ ಒಂದು ಕಳೆಯುವ ಲೆಕ್ಕ: ಮಲ್ಟಿಪಲ್ ಮೈಲೋಮಾ ರಿಪೋರ್ಟ್ ಓದುವುದು ಹೇಗೆ

ನಾನು ಕಲಬುರಗಿಯ ಒಂದು ಸಣ್ಣ ಲ್ಯಾಬಿನಲ್ಲಿ ಟೆಕ್ನಿಷಿಯನ್. ರಕ್ತ ತೆಗೆಯುವುದು, ಮಷೀನಿಗೆ ಹಾಕುವುದು, ರಿಪೋರ್ಟ್ ಪ್ರಿಂಟ್ ಹೊಡೆಯುವುದು, ಇದೇ ನನ್ನ ದಿನ. ಹಾಗಿದ್ದೂ ನಮ್ಮ ಮನೆಯವರದೇ ರೋಗ ನನ್ನ ಕೈ ಕೆಳಗೆ ಎರಡು ಸಲ ಹಾದುಹೋಯಿತು, ನನಗೆ ಗೊತ್ತಾಗಲಿಲ್ಲ. ಜೇವರ್ಗಿ ತಾಲೂಕಿನ ನಮ್ಮ ಕಾಕಾಗೆ ಆಗ 64. ತೊಗರಿ ಹೊಲ, ಎರಡು ಎಮ್ಮೆ. ದೀಪಾವಳಿ ಆದಮೇಲೆ ಸೊಂಟ ನೋವು ಶುರುವಾಯಿತು. ತೊಗರಿ ರಾಶಿ ಮಾಡುವಾಗ ಒಂದು ಚೀಲ ಎತ್ತಲು ಬಗ್ಗಿದವರು ಹಾಗೇ ಕೂತುಬಿಟ್ಟರು.

"ವಯಸ್ಸಾದ ಮ್ಯಾಲ ಇದೆಲ್ಲಾ ಇರೋದೇ ಬಿಡೋ ತಮ್ಮಾ" ಅಂದರು. ನಾವೂ ಹೌದಲ್ಲ ಅಂದುಕೊಂಡೆವು.

ಆರು ತಿಂಗಳು ನೋವಿನ ಸೂಜಿ, ನೋವಿನ ಗುಳಿಗೆ, ಶಕ್ತಿಗೆ ಟಾನಿಕ್ಕು. ಕೊನೆಗೆ ಗೊತ್ತಾಗಿದ್ದು ಮಲ್ಟಿಪಲ್ ಮೈಲೋಮಾ, ಅಂದರೆ ಮೂಳೆಯ ಮಜ್ಜೆಯೊಳಗಿನ ಪ್ಲಾಸ್ಮಾ ಕಣಗಳ ಕ್ಯಾನ್ಸರ್. ಇದು ತುಂಬಾ ಜನರಿಗೆ ಬರುವ ರೋಗ ಅಲ್ಲ, ನಿಜ. ಸೊಂಟ ನೋವಿರುವ ನೂರರಲ್ಲಿ ಬಹುತೇಕರಿಗೆ ಬೇರೆಯೇ ಕಾರಣ ಇರುತ್ತದೆ. ಆದರೆ ವಯಸ್ಸು 50 ದಾಟಿದವರಿಗೆ ವಾರಗಟ್ಟಲೆ ಸೊಂಟ ಅಥವಾ ಪಕ್ಕೆಲುಬು ನೋವು, ಜೊತೆಗೆ ರಕ್ತ ಕಡಿಮೆ, ಜೊತೆಗೆ ಕಿಡ್ನಿ ಸೋತಾಗ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಏರಿಕೆ, ಇವು ಒಂದೇ ಫೈಲಿನಲ್ಲಿ ಕೂತಿದ್ದರೆ ಮುಂದೆ ಹೇಳುವ ಹೆಜ್ಜೆಗಳನ್ನು ನೋಡಿ. ಮೊದಲ ಹೆಜ್ಜೆಗೆ ಹೊಸ ಟೆಸ್ಟ್ ಕೂಡ ಬೇಕಾಗಿಲ್ಲ, ಮನೆಯಲ್ಲಿರುವ ಹಳೇ ರಿಪೋರ್ಟ್ ಸಾಕು.

ಹೆಜ್ಜೆ 1: ಹಳೇ ರಿಪೋರ್ಟ್ ತೆಗೆದು ಒಂದು ಕಳೆಯುವ ಲೆಕ್ಕ ಮಾಡಿ

ಲಿವರ್ ಟೆಸ್ಟ್ ಅಂತ ಮಾಡಿಸಿರುತ್ತೀರಲ್ಲ, ಅದರಲ್ಲಿ ಬಿಲಿರುಬಿನ್ ಕೆಳಗೆ ಎರಡು ಸಾಲು ಇರುತ್ತವೆ. ಟೋಟಲ್ ಪ್ರೋಟೀನ್, ಆಲ್ಬುಮಿನ್. ಜನ ಬಿಲಿರುಬಿನ್ ನೋಡಿ ಕಾಮಾಲೆ ಇಲ್ಲ ಅಂತ ಫೈಲು ಮುಚ್ಚುತ್ತಾರೆ. ನೀವು ಮುಚ್ಚಬೇಡಿ. ಟೋಟಲ್ ಪ್ರೋಟೀನಿನಲ್ಲಿ ಆಲ್ಬುಮಿನ್ ಕಳೆಯಿರಿ. ಉಳಿದದ್ದು ಗ್ಲೋಬ್ಯುಲಿನ್. ಸಾಮಾನ್ಯವಾಗಿ ಅದು 2ರಿಂದ 3.5 ಇರುತ್ತದೆ. 4 ದಾಟಿದರೆ "ಇದು ಯಾಕೆ ಜಾಸ್ತಿ?" ಅಂತ ಡಾಕ್ಟರ್ ಹತ್ತಿರ ಕೇಳಲೇಬೇಕು.

ಕಾಕಾಂದು ಟೋಟಲ್ ಪ್ರೋಟೀನ್ 10.8, ಆಲ್ಬುಮಿನ್ 3.0. ಕಳೆದರೆ 7.8. ಇದು ಏಪ್ರಿಲ್ ತಿಂಗಳ ರಿಪೋರ್ಟು. ಆಮೇಲೆ ಹುಡುಕಿದಾಗ ಫೆಬ್ರವರಿಯ ಒಂದು ರಿಪೋರ್ಟೂ ಸಿಕ್ಕಿತು, ಅದರಲ್ಲಿ 9.6 ಮತ್ತು 3.3, ಅಂದರೆ 6.3. ಆಗ ಅದನ್ನು ನೋಡಿದ ಒಬ್ಬರು, "ಪ್ರೋಟೀನ್ ಚಲೋ ಅದ, ಊಟ ಸರಿ ಮಾಡ್ತಾರ" ಅಂದಿದ್ದರಂತೆ. ರಕ್ತದ ಪ್ರೋಟೀನ್ ಊಟದ ಬೇಳೆಯಿಂದ ಹಾಗೆಲ್ಲ ಏರುವುದಿಲ್ಲ. ದಿನಾ ಎರಡು ಹೊತ್ತು ತೊಗರಿ ಬೇಳೆ ತಿಂದರೂ 10ಕ್ಕೆ ಹೋಗಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಗ್ಲೋಬ್ಯುಲಿನ್ ಜಾಸ್ತಿ ಅಂದ ಮಾತ್ರಕ್ಕೆ ಮೈಲೋಮಾ ಅಲ್ಲ. ಟಿಬಿ, ಎಚ್‌ಐವಿ, ಲಿವರಿನ ಹಳೇ ರೋಗ, ಬಹಳ ದಿನದ ಸೋಂಕು, ಇವುಗಳಲ್ಲೂ ಏರುತ್ತದೆ. ಹಾಗೆಯೇ ಗ್ಲೋಬ್ಯುಲಿನ್ ಸರಿ ಇದೆ ಅಂದ ಮಾತ್ರಕ್ಕೆ ಮೈಲೋಮಾ ಇಲ್ಲ ಅಂತಲೂ ಅಲ್ಲ. ಈ ಎರಡನೇ ಮಾತು ಯಾಕೆ ಅಂತ ತಿಳಿಯಬೇಕಾದರೆ ಆ ಪ್ರೋಟೀನ್ ಎಲ್ಲಿಂದ ಬರುತ್ತದೆ ಅನ್ನುವುದನ್ನು ನೋಡಬೇಕು.

ಆ ಪ್ರೋಟೀನ್ ರಕ್ತದಲ್ಲಿ ಯಾಕೆ ರಾಶಿ ಬೀಳುತ್ತದೆ

ಕಲಬುರಗಿಯವರಿಗೆ ದಾಲ್ ಮಿಲ್ ಬಗ್ಗೆ ಹೇಳಿಕೊಡಬೇಕಾಗಿಲ್ಲ, ಹಾಗಾಗಿ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ. ಪ್ಲಾಸ್ಮಾ ಕಣ ಅಂದರೆ ಒಂದು ಮಿಲ್. ಅದು ಮೂಳೆ ಮಜ್ಜೆಯಲ್ಲಿ ಕೂತು ಆಂಟಿಬಾಡಿ ತಯಾರಿಸುತ್ತದೆ, ಅಂದರೆ ಸೋಂಕಿನ ವಿರುದ್ಧ ಕೆಲಸ ಮಾಡುವ ಪ್ರೋಟೀನ್. ಒಂದು ಮಿಲ್ಲಿನಲ್ಲಿ ಒಂದೇ ಥರದ ಮಾಲು. ಒಂದು ಮಿಲ್ಲಿನದು ಒಂದು ರೋಗಾಣುವಿಗೆ, ಇನ್ನೊಂದು ಮಿಲ್ಲಿನದು ಇನ್ನೊಂದಕ್ಕೆ. ಆರೋಗ್ಯವಂತರ ಮಜ್ಜೆಯಲ್ಲಿ ಇಂಥ ಕಣಗಳು 100ಕ್ಕೆ 5ಕ್ಕಿಂತ ಕಡಿಮೆ. ಆದರೆ ಬಗೆ ಬಗೆಯ ಮಾಲು ಇರುತ್ತದೆ. ಸೋಂಕು ಬಂದಾಗ ಕೆಲವು ಮಿಲ್ ಜೋರು, ಹೋದ ಮೇಲೆ ಬಹಳಷ್ಟು ಬಂದ್.

ಮೈಲೋಮಾದಲ್ಲಿ ಒಂದು ಮಿಲ್ ಕೆಟ್ಟು ತನ್ನದೇ ನಕಲು ಮಾಡಿಕೊಳ್ಳುತ್ತಾ ಹೋಗುತ್ತದೆ. ಒಂದರಿಂದ ಎರಡು, ಎರಡರಿಂದ ನಾಲ್ಕು, ಕೊನೆಗೆ ಕೋಟಿಗಟ್ಟಲೆ. ಎಲ್ಲದರಲ್ಲೂ ಒಂದೇ ಮಾಲು. ಯಾರೂ ಆರ್ಡರ್ ಕೊಟ್ಟಿಲ್ಲ, ಯಾವ ಸೋಂಕಿಗೂ ಬೇಕಾಗಿಲ್ಲ, ಆದರೂ ಹಗಲು ರಾತ್ರಿ ಓಡುತ್ತವೆ. ತಯಾರಾದ ಆಂಟಿಬಾಡಿ ದೊಡ್ಡದು. ಕಿಡ್ನಿಯ ಜರಡಿಯಲ್ಲಿ ಇಳಿಯುವುದಿಲ್ಲ. ಐಜಿಜಿ ಅನ್ನುವ ಬಗೆಯಾದರೆ ಇವತ್ತು ಇದ್ದದ್ದರಲ್ಲಿ ಅರ್ಧ ಕರಗಲು ಸುಮಾರು 3 ವಾರ ಬೇಕು. ಬರುವುದು ಜೋರು, ಹೋಗುವುದು ನಿಧಾನ. ಗೋಡೌನ್ ತುಂಬದೆ ಏನಾಗುತ್ತದೆ? ಆ ಗೋಡೌನೇ ಕಾಕಾನ ರಿಪೋರ್ಟಿನ 7.8.

ಇನ್ನೊಂದು ವಿಷಯ ಇದೆ, ಅದು ಇದಕ್ಕಿಂತ ಮುಖ್ಯ. ಒಂದು ಆಂಟಿಬಾಡಿ ಕಟ್ಟಲು ಎರಡು ದೊಡ್ಡ ತುಂಡು, ಎರಡು ಸಣ್ಣ ತುಂಡು ಬೇಕು. ದೊಡ್ಡದಕ್ಕೆ ಹೆವಿ ಚೈನ್, ಸಣ್ಣದಕ್ಕೆ ಲೈಟ್ ಚೈನ್ ಅನ್ನುತ್ತಾರೆ. ಲೈಟ್ ಚೈನಿನಲ್ಲಿ ಎರಡೇ ಜಾತಿ, ಕಪ್ಪಾ ಮತ್ತು ಲ್ಯಾಂಬ್ಡಾ. ಕಣಗಳು ಸಣ್ಣ ತುಂಡನ್ನು ಯಾವಾಗಲೂ ಸ್ವಲ್ಪ ಜಾಸ್ತಿಯೇ ತಯಾರಿಸುತ್ತವೆ. ಜೋಡಣೆಗೆ ಸಿಗದೆ ಉಳಿದದ್ದು ಬಿಡಿಯಾಗಿ ರಕ್ತಕ್ಕೆ ಬೀಳುತ್ತದೆ. ಅದು ಸಣ್ಣದು, ಕಿಡ್ನಿಯ ಜರಡಿಯಲ್ಲಿ ಕೆಲವೇ ಗಂಟೆಯಲ್ಲಿ ಇಳಿದುಹೋಗುತ್ತದೆ, ರಕ್ತದಲ್ಲಿ ರಾಶಿ ಬೀಳುವುದು ಕಡಿಮೆ. ಕೆಲವರಲ್ಲಿ ಕೆಟ್ಟ ಕಣಗಳು ಬರೀ ಈ ಸಣ್ಣ ತುಂಡನ್ನೇ ತಯಾರಿಸುತ್ತವೆ. ಅಂಥವರ ಟೋಟಲ್ ಪ್ರೋಟೀನ್ ಪೂರ್ತಿ ಸರಿ ಇರುತ್ತದೆ, ಕಿಡ್ನಿ ಮಾತ್ರ ಹಾಳಾಗುತ್ತಿರುತ್ತದೆ. ಕಳೆಯುವ ಲೆಕ್ಕ ಮೋಸ ಮಾಡುವುದು ಇಲ್ಲೇ.

ಇನ್ನು ಮಜ್ಜೆಯ ಜಾಗವನ್ನು ಈ ಕಣಗಳು ಆಕ್ರಮಿಸಿಕೊಂಡರೆ ಕೆಂಪು ರಕ್ತ ತಯಾರಾಗುವುದು ಕಡಿಮೆಯಾಗುತ್ತದೆ. ಕಾಕಾನ ಹಿಮೋಗ್ಲೋಬಿನ್ 8.1ಕ್ಕೆ ಇಳಿದಿದ್ದು ಹೀಗೆ. ಟಾನಿಕ್ ಕುಡಿದರೆ ಅದು ಏರುವುದಿಲ್ಲ. ಒಳ್ಳೆಯ ಮಿಲ್ಲುಗಳೂ ಮೂಲೆಗೆ ಬೀಳುತ್ತವೆ. ಅದಕ್ಕೇ ರಕ್ತದ ತುಂಬ ಆಂಟಿಬಾಡಿ ಇದ್ದರೂ ಮೇಲಿಂದ ಮೇಲೆ ನ್ಯುಮೋನಿಯಾ ಬರುತ್ತದೆ.

ಹೆಜ್ಜೆ 2: ಇಎಸ್‌ಆರ್ ನೋಡಿ, ಸ್ಮಿಯರ್ ಬಗ್ಗೆ ಕೇಳಿ

ಇದು ನನ್ನ ಕೆಲಸದ ಭಾಗ, ಹಾಗಾಗಿ ಸ್ವಲ್ಪ ಹೇಳುತ್ತೇನೆ. ಇಎಸ್‌ಆರ್ ಅಂದರೆ ಉದ್ದ ಗಾಜಿನ ನಳಿಕೆಯಲ್ಲಿ ರಕ್ತ ನಿಲ್ಲಿಸಿ ಒಂದು ಗಂಟೆಯಲ್ಲಿ ಕೆಂಪು ಕಣ ಎಷ್ಟು ಕೆಳಗೆ ಇಳಿಯಿತು ಅಂತ ನೋಡುವುದು. ಕಾಕಾಂದು 138 ಮಿಲಿಮೀಟರ್ ಇಳಿದಿತ್ತು. ಕೆಂಪು ಕಣಗಳು ಸಾಮಾನ್ಯವಾಗಿ ಒಂದನ್ನೊಂದು ದೂರ ತಳ್ಳುತ್ತವೆ. ಪ್ರೋಟೀನ್ ಜಾಸ್ತಿಯಾದಾಗ ಆ ತಳ್ಳಾಟ ಹೋಗಿ ಅಂಟಿಕೊಳ್ಳುತ್ತವೆ, ಭಾರವಾಗಿ ಬೇಗ ಇಳಿಯುತ್ತವೆ. ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ, ಅಂದರೆ ಸ್ಮಿಯರ್ ಮಾಡಿ, ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಹಳೇ ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿ ಅಡ್ಡ ಮಲಗಿಸಿದ ಹಾಗೆ ಸಾಲುಸಾಲು. ಹಿನ್ನೆಲೆ ತಿಳಿ ನೀಲಿ. ಇದಕ್ಕೆ ರೂಲೋ ಅನ್ನುತ್ತಾರೆ. ಸ್ಮಿಯರ್ ರಿಪೋರ್ಟಿನಲ್ಲಿ ಆ ಪದ ಕಂಡರೆ ಹಗುರಾಗಿ ಬಿಡಬೇಡಿ.

ಇಎಸ್‌ಆರ್ 100 ದಾಟಿದರೆ ನಮ್ಮ ಕಡೆ ಮೊದಲು ನೆನಪಾಗುವುದು ಟಿಬಿ. ಕಾಕಾಗೂ ಎಕ್ಸ್‌ರೇಯಲ್ಲಿ ಒಂದು ಬೆನ್ನೆಲುಬು ಕುಸಿದದ್ದು ಕಂಡು ಟಿಬಿ ಗುಳಿಗೆ ಶುರು ಮಾಡೋಣ ಅನ್ನುವ ಮಾತು ಬಂದಿತ್ತು. ಟಿಬಿ ಸಾಮಾನ್ಯವಾಗಿ ಅಕ್ಕಪಕ್ಕದ ಎರಡು ಎಲುಬು ಮತ್ತು ನಡುವಿನ ಡಿಸ್ಕನ್ನೂ ಸೇರಿಸಿ ತಿನ್ನುತ್ತದೆ. ಮೈಲೋಮಾ ಡಿಸ್ಕನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಎಂಆರ್‌ಐ ನೋಡಿದವರು ಇದನ್ನು ಹೇಳಿದ ಮೇಲೆ ಗುಳಿಗೆ ಮಾತು ನಿಂತಿತು.

ಹೆಜ್ಜೆ 3: ಮೂತ್ರದ ಪಟ್ಟಿಯನ್ನು ನಂಬಿ ಕೂರಬೇಡಿ

ನನ್ನ ತಪ್ಪು ಇಲ್ಲಿ ಆಯಿತು. ಫೆಬ್ರವರಿಯಲ್ಲಿ ಕಾಕಾನ ಮೂತ್ರ ನಾನೇ ಪರೀಕ್ಷೆ ಮಾಡಿದ್ದೆ. ಬಣ್ಣದ ಚೌಕಗಳ ಪಟ್ಟಿ ಅದ್ದಿದೆ, ಪ್ರೋಟೀನ್ ಚೌಕ ಒಂಚೂರು ಹಸಿರು ತಿರುಗಿತು, "ಟ್ರೇಸ್" ಅಂತ ಬರೆದೆ. ಏಪ್ರಿಲ್‌ನಲ್ಲಿ ಮತ್ತೆ ಅದೇ, ಮತ್ತೆ ಟ್ರೇಸ್. ಆದರೆ ಮೂತ್ರದಲ್ಲಿ ನೊರೆ ತುಂಬಾ ಇತ್ತು. ಯಾಕೋ ಮನಸ್ಸು ಒಪ್ಪಲಿಲ್ಲ. ಮೂಲೆಯಲ್ಲಿದ್ದ ಸಲ್ಫೋಸ್ಯಾಲಿಸಿಲಿಕ್ ಆಸಿಡ್ ತೆಗೆದು, ತಿಳಿ ಮೂತ್ರಕ್ಕೆ ಹಾಕಿದೆ. ಟ್ಯೂಬು ಮಜ್ಜಿಗೆಯ ಹಾಗೆ ಬೆಳ್ಳಗಾಯಿತು. ಪಟ್ಟಿ ಇಲ್ಲ ಅನ್ನುತ್ತಿದೆ, ಆಸಿಡ್ ತುಂಬಾ ಇದೆ ಅನ್ನುತ್ತಿದೆ. ಆ ಟ್ಯೂಬು ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ.

ಕಾರಣ ಸರಳ. ಪಟ್ಟಿಯ ಆ ಚೌಕ ಮುಖ್ಯವಾಗಿ ಆಲ್ಬುಮಿನ್ ಹಿಡಿಯಲು ಮಾಡಿದ್ದು. ಲೈಟ್ ಚೈನ್ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಆಸಿಡ್ ಎಲ್ಲ ಪ್ರೋಟೀನನ್ನೂ ಹೆಪ್ಪುಗಟ್ಟಿಸುತ್ತದೆ. ಎರಡರ ನಡುವೆ ಇಷ್ಟು ವ್ಯತ್ಯಾಸ ಬಂದರೆ ಲೈಟ್ ಚೈನಿನ ಅನುಮಾನ ಬರಬೇಕು. ಈ ಪ್ರೋಟೀನ್ ಮೊದಲು ಗಮನಕ್ಕೆ ಬಂದದ್ದು 1845ರಲ್ಲಿ ಲಂಡನ್‌ನಲ್ಲಿ. ಮೂಳೆ ನೋವಿನ ಒಬ್ಬ ರೋಗಿಯ ಮೂತ್ರ ಬಿಸಿ ಮಾಡಿದಾಗ ಬಿಳಿ ಗಸಿ ಬಂದು, ಇನ್ನೂ ಕುದಿಸಿದರೆ ಮತ್ತೆ ಕರಗಿಹೋಗುತ್ತಿತ್ತು. ಅದನ್ನು ಪರೀಕ್ಷಿಸಿದ ಹೆನ್ರಿ ಬೆನ್ಸ್ ಜೋನ್ಸ್ ಹೆಸರೇ ಉಳಿಯಿತು. ರಿಪೋರ್ಟಿನಲ್ಲಿ ಬೆನ್ಸ್ ಜೋನ್ಸ್ ಪ್ರೋಟೀನ್ ಅಂತ ಬಂದರೆ ಅದು ಲೈಟ್ ಚೈನೇ. ಕಾಯಿಸಿ ನೋಡುವ ಆ ಹಳೇ ವಿಧಾನವನ್ನು ಈಗ ನೆಚ್ಚಿಕೊಳ್ಳುವುದಿಲ್ಲ.

ಡಾಕ್ಟರ್ 24 ಗಂಟೆಯ ಮೂತ್ರ ಕೇಳುತ್ತಾರೆ. ಇದನ್ನು ಸರಿಯಾಗಿ ಮಾಡಿ. ಬೆಳಗಿನ ಮೊದಲ ಮೂತ್ರ ಚೆಲ್ಲಿ, ಟೈಮ್ ಬರೆದುಕೊಳ್ಳಿ. ಆಮೇಲಿನ ಪ್ರತಿ ಹನಿಯೂ ಲ್ಯಾಬ್ ಕೊಟ್ಟ ಕ್ಯಾನಿಗೆ, ಮರುದಿನ ಅದೇ ಟೈಮಿನ ಮೂತ್ರ ಸೇರಿಸಿ ಮುಗಿಸಿ. ಎಣ್ಣೆ ಕ್ಯಾನ್, ಕೂಲ್‌ಡ್ರಿಂಕ್ ಬಾಟ್ಲಿ ಬೇಡ. ನಮ್ಮ ಬೇಸಿಗೆಯಲ್ಲಿ ಕ್ಯಾನನ್ನು ಫ್ರಿಜ್ಜಿನಲ್ಲೋ ಐಸ್ ಇಟ್ಟ ಬಕೆಟಿನಲ್ಲೋ ಇಡಿ. ಕಾಕಾ ಮೊದಲ ಸಲ 600 ಎಂಎಲ್ ತಂದುಕೊಟ್ಟರು. ಕೇಳಿದರೆ, "ಹೊಲಕ್ಕ ಹೋದಾಗ ಕ್ಯಾನ್ ಹೊತ್ಕೊಂಡು ಹೋಗ್ಲೇನು?" ಅಂದರು. ಮತ್ತೆ ಮಾಡಿಸಿದೆವು. 4.2 ಗ್ರಾಂ ಪ್ರೋಟೀನ್ ಬಂತು. ಪಟ್ಟಿ ಟ್ರೇಸ್ ಅಂದ ಮೂತ್ರವೇ ಇದು, ನೆನಪಿರಲಿ.

ಹೆಜ್ಜೆ 4: ನೋವಿನ ಗುಳಿಗೆ ಇವತ್ತೇ ನಿಲ್ಲಿಸಿ, ನೀರಿನ ಬಗ್ಗೆ ಡಾಕ್ಟರನ್ನು ಕೇಳಿ

ಎಲ್ಲ ಟೆಸ್ಟ್ ಮುಗಿಯುವವರೆಗೆ ಕಾಯಬಾರದ ಹೆಜ್ಜೆ ಇದೊಂದೇ. ಕಿಡ್ನಿಯೊಳಗೆ ಸಣ್ಣ ಸಣ್ಣ ನಾಳಗಳಿವೆ. ಲೈಟ್ ಚೈನ್ ಜರಡಿಯಿಂದ ಇಳಿದು ಬಂದಾಗ ನಾಳದ ಮೊದಲ ಭಾಗ ಅದನ್ನು ವಾಪಸ್ ಹೀರಿಕೊಂಡು ಚೂರು ಮಾಡುತ್ತದೆ. ಸ್ವಲ್ಪ ಬಂದರೆ ತೊಂದರೆ ಇಲ್ಲ. ಹೊರೆ ಜಾಸ್ತಿಯಾದರೆ ಆ ಭಾಗ ಸೋಲುತ್ತದೆ, ಉಳಿದದ್ದು ಮುಂದೆ ಹರಿಯುತ್ತದೆ. ಮುಂದಿನ ಭಾಗದಲ್ಲಿ ಕಿಡ್ನಿ ತಾನೇ ತಯಾರಿಸುವ ಒಂದು ಅಂಟು ಪ್ರೋಟೀನ್ ಇದೆ. ಲೈಟ್ ಚೈನ್ ಅದಕ್ಕೆ ಅಂಟಿ ಗಟ್ಟಿ ಬಿರಡೆಯಾಗಿ ನಾಳವನ್ನೇ ಮುಚ್ಚುತ್ತದೆ. ಹೊಲದ ಪೈಪಿನಲ್ಲಿ ಕೆಸರು ಕೂತ ಹಾಗೆ. ಹರಿವು ಕಡಿಮೆಯಾದಷ್ಟೂ ಬೇಗ ಕೂರುತ್ತದೆ.

ಈಗ ನಮ್ಮ ಊರಿನ ಏಪ್ರಿಲ್ ನೆನಪು ಮಾಡಿಕೊಳ್ಳಿ. 42 ಡಿಗ್ರಿ ಬಿಸಿಲು, ಬೆವರು, ಮೂತ್ರ ಕಡಿಮೆ. ಅದರ ಮೇಲೆ ದಿನಾ ಎರಡು ಡೈಕ್ಲೋಫೆನಾಕ್. ಈ ಜಾತಿಯ ಗುಳಿಗೆಗಳು, ಅಂದರೆ ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್, ಕಿಡ್ನಿಗೆ ಹೋಗುವ ರಕ್ತದ ಹರಿವನ್ನೇ ಕಡಿಮೆ ಮಾಡುತ್ತವೆ. ಹೊಗೆ ಬರುತ್ತಿರುವ ಬಣವೆಗೆ ಗಾಳಿ ಹಾಕಿದ ಹಾಗೆ ಆಯಿತು. ಕಾಕಾನ ಕ್ರಿಯಾಟಿನಿನ್ ಫೆಬ್ರವರಿಯಲ್ಲಿ 1.5 ಇದ್ದದ್ದು ಏಪ್ರಿಲ್‌ಗೆ 3.4.

ಮೆಡಿಕಲ್ ಶಾಪಿನಲ್ಲಿ "ನೋವಿಗೆ ಗುಳಿಗೆ ಕೊಡ್ರಿ" ಅಂದರೆ ಕೊಡುವುದು ಬಹುತೇಕ ಇದೇ. ಕಾಂಬಿನೇಷನ್ ಗುಳಿಗೆಯ ಹಿಂದೆ ಹೆಸರು ಓದಿ. ಪ್ಯಾರಸಿಟಮಾಲ್ ಬೇರೆ ಗುಂಪು. ಅದು ಸಾಲದಿದ್ದರೆ ಡಾಕ್ಟರ್ ಟ್ರಮಡಾಲ್ ಅಥವಾ ಮಾರ್ಫಿನ್ ಜಾತಿಯದನ್ನು ಕಿಡ್ನಿ ನೋಡಿ ಬರೆಯುತ್ತಾರೆ. ಇನ್ನು ಕಾಂಟ್ರಾಸ್ಟ್, ಅಂದರೆ ಚಿತ್ರ ಸ್ಪಷ್ಟವಾಗಿ ಕಾಣಲು ರಕ್ತನಾಳಕ್ಕೆ ಕೊಡುವ ದ್ರವ, ಹಾಕಿ ಸಿಟಿ ಮಾಡುತ್ತೇವೆ ಅಂದರೆ, "ಕ್ರಿಯಾಟಿನಿನ್ ಜಾಸ್ತಿ ಅದ, ಮೈಲೋಮಾ ಅನುಮಾನ ಅದ" ಅಂತ ಮೊದಲೇ ಹೇಳಿ.

ನೀರು ಜಾಸ್ತಿ ಕುಡಿಯುವುದು ಒಳ್ಳೆಯದು, ದಿನಕ್ಕೆ 3 ಲೀಟರ್ ಆಸುಪಾಸು ಅಂತ ಎಷ್ಟೋ ಡಾಕ್ಟರ್ ಹೇಳುತ್ತಾರೆ. ಆದರೆ ಕಾಲು ಊದಿದ್ದರೆ, ಹಾರ್ಟ್ ತೊಂದರೆ ಇದ್ದರೆ, ಮೂತ್ರವೇ ಕಡಿಮೆ ಬರುತ್ತಿದ್ದರೆ ನೀವೇ ಅಳತೆ ಹಾಕಬೇಡಿ.

ಎಲುಬು ಯಾಕೆ ತೂತಾಗುತ್ತದೆ, ಮತ್ತು ಕ್ಯಾಲ್ಸಿಯಂ

ನಮ್ಮ ಎಲುಬು ದಿನಾ ಸ್ವಲ್ಪ ಒಡೆದು ದಿನಾ ಸ್ವಲ್ಪ ಕಟ್ಟಿಕೊಳ್ಳುತ್ತಿರುತ್ತದೆ. ಒಡೆಯುವ ಕಣಗಳ ಗುಂಪು ಬೇರೆ, ಕಟ್ಟುವ ಗೌಂಡಿಗಳ ಗುಂಪು ಬೇರೆ. ಮೈಲೋಮಾ ಕಣಗಳು ಒಡೆಯುವವರನ್ನು ಕರೆದು ಕೆಲಸ ಕೊಡುತ್ತವೆ, ಗೌಂಡಿಗಳನ್ನು ಸುಮ್ನೆ ಕೂರಿಸುತ್ತವೆ. ಒಡೆಯುವುದು ಮಾತ್ರ ನಡೆದರೆ ತೂತು ಉಳಿಯುತ್ತದೆ. ಹಾಗಾಗಿಯೇ ಚೀಲ ಎತ್ತಲು ಬಗ್ಗಿದ್ದಕ್ಕೇ ಕಾಕಾನ ಬೆನ್ನೆಲುಬು ಕುಸಿಯಿತು.

ಇದರಿಂದ ಎರಡು ಮೋಸ ಹುಟ್ಟುತ್ತವೆ. ಒಂದು, ಬೋನ್ ಸ್ಕ್ಯಾನ್ ಅನ್ನುವ ಟೆಸ್ಟು ಗೌಂಡಿಗಳ ಕೆಲಸವನ್ನು ಹಿಡಿಯುತ್ತದೆ. ಗೌಂಡಿಗಳೇ ಸುಮ್ನೆ ಕೂತಿದ್ದರೆ ಅದು ಏನೂ ಇಲ್ಲ ಅನ್ನಬಹುದು. ಎರಡು, ಸಾದಾ ಎಕ್ಸ್‌ರೇಯಲ್ಲಿ ತೂತು ಕಾಣಬೇಕಾದರೆ ಆ ಜಾಗದ ಸುಣ್ಣದಂಶ 30ರಿಂದ 50 ಶೇಕಡಾ ಹೋಗಿರಬೇಕು. ಎಕ್ಸ್‌ರೇ ಸರಿ ಇದೆ ಅಂತ ಫೈಲು ಮುಚ್ಚಬೇಡಿ. ಇಡೀ ಮೈಯ ಕಡಿಮೆ ಡೋಸ್ ಸಿಟಿ, ಪೆಟ್ ಸಿಟಿ ಅಥವಾ ಎಂಆರ್‌ಐ ಇದಕ್ಕೆ ಸರಿ. ಮೊದಲನೆಯದಕ್ಕೆ ಕಾಂಟ್ರಾಸ್ಟ್ ಬೇಡ.

ಎಲುಬಿನಿಂದ ಒಡೆದು ಬಂದ ಸುಣ್ಣ ರಕ್ತಕ್ಕೆ ಸೇರಿ ಕ್ಯಾಲ್ಸಿಯಂ ಏರುತ್ತದೆ. ಇಲ್ಲೂ ಒಂದು ಸಣ್ಣ ಲೆಕ್ಕ. ಆಲ್ಬುಮಿನ್ 4ಕ್ಕಿಂತ ಎಷ್ಟು ಕಡಿಮೆಯೋ ಅದನ್ನು 0.8ರಿಂದ ಗುಣಿಸಿ ಕ್ಯಾಲ್ಸಿಯಂಗೆ ಕೂಡಿಸಬೇಕು. ಕಾಕಾಂದು 11.6 ಬಂದಿತ್ತು, ಆಲ್ಬುಮಿನ್ 3.0, ಅಂದರೆ 1 ಕಡಿಮೆ, 0.8 ಕೂಡಿಸಿದರೆ 12.4. ಅಷ್ಟಾದಾಗ ಮಲಬದ್ಧತೆ, ವಾಂತಿ, ಬಾಯಾರಿಕೆ, ಮಾತು ಅಡ್ಡಾದಿಡ್ಡಿ. ಕಾಕು ಫೋನ್ ಮಾಡಿ, "ನಿಮ್ಮ ಕಾಕಾಗ ಬಿಸಲ ಬಡದದ ನೋಡಪ, ಎಮ್ಮಿಗಿ ಮೇವು ಹಾಕೀನಿ ಅಂತ ಮೂರ್ ಸಲ ಅಂದ್ರು, ಹಾಕೇ ಇಲ್ಲ" ಅಂದಳು. ಅದು ಬಿಸಿಲು ಅಲ್ಲ. ಹೀಗಾದ ದಿನವೇ ಆಸ್ಪತ್ರೆಗೆ ಸೇರಿಸಬೇಕು, ಸಲೈನ್ ಹಾಕಬೇಕಾಗುತ್ತದೆ. ಶಕ್ತಿಗೆ ಅಂತ ಕೊಟ್ಟ ಕ್ಯಾಲ್ಸಿಯಂ ಗುಳಿಗೆ ಇದ್ದರೆ ಡಾಕ್ಟರಿಗೆ ತೋರಿಸಿ, ಕಾಕಾ ಅದನ್ನೂ ನುಂಗುತ್ತಿದ್ದರು.

ಇನ್ನೊಂದು ತುರ್ತು ಇದೆ. ಕಾಲಿನಲ್ಲಿ ಬಲ ಇಲ್ಲ, ಜೋಮು, ಮೂತ್ರ ಬಂದ್ ಆಯಿತು ಅಂದರೆ ಬೆನ್ನುಹುರಿ ಒತ್ತಿಕೊಂಡಿರಬಹುದು. ಅವತ್ತೇ ಹೊರಡಿ. ನಾಳೆಯ ಬಸ್ಸಿಗೆ ಅಲ್ಲ.

ಹೆಜ್ಜೆ 5: ಖಚಿತ ಮಾಡುವ ಟೆಸ್ಟುಗಳು

ಸೀರಂ ಪ್ರೋಟೀನ್ ಎಲೆಕ್ಟ್ರೋಫೋರಿಸಿಸ್ ಮೊದಲು. ರಕ್ತದ ಪ್ರೋಟೀನನ್ನು ವಿದ್ಯುತ್ತಿನಿಂದ ಬೇರೆ ಬೇರೆ ಮಾಡಿ ಗ್ರಾಫ್ ಕೊಡುತ್ತಾರೆ. ಸೋಂಕಿನಿಂದ ಏರಿದ್ದರೆ ಬಗೆ ಬಗೆಯ ಮಾಲು ಇರುವುದರಿಂದ ಗ್ರಾಫಿನ ಬಲತುದಿಯಲ್ಲಿ ಅಗಲ ದಿಬ್ಬ ಕಾಣುತ್ತದೆ. ಒಂದೇ ಮಾಲಾದರೆ ಕಿರಿದಾದ ಚೂಪು ಗೋಪುರ. ಅದಕ್ಕೆ ಎಂ ಸ್ಪೈಕ್ ಅನ್ನುತ್ತಾರೆ. ಮೊದಲೇ ಹೇಳಿದ ಟಿಬಿಯೋ ಮೈಲೋಮಾನೋ ಅನ್ನುವ ಗೊಂದಲವನ್ನು ಈ ಒಂದು ಗ್ರಾಫ್ ಬಹಳಷ್ಟು ಬಿಡಿಸುತ್ತದೆ. ಕಾಕಾನ ಗೋಪುರ 5.9 ಗ್ರಾಂ. ಜೊತೆಗೆ ಇಮ್ಯುನೋಫಿಕ್ಸೇಷನ್ ಮಾಡಿದರೆ ಯಾವ ಜಾತಿ ಅಂತ ತಿಳಿಯುತ್ತದೆ, ಇವರದು ಐಜಿಜಿ ಕಪ್ಪಾ.

ಮೂರನೆಯದು ಸೀರಂ ಫ್ರೀ ಲೈಟ್ ಚೈನ್. ದುಡ್ಡು ಜಾಸ್ತಿ ಅಂತ ಇದನ್ನು ಬಿಡುವವರಿದ್ದಾರೆ. ಬಿಡಬೇಡಿ, ಬರೀ ಲೈಟ್ ಚೈನ್ ಬಿಡುವ ರೋಗವನ್ನು ಹಿಡಿಯುವುದು ಇದೇ. ಕಪ್ಪಾವನ್ನು ಲ್ಯಾಂಬ್ಡಾದಿಂದ ಭಾಗಿಸಿದರೆ ಸಾಮಾನ್ಯವಾಗಿ 0.26ರಿಂದ 1.65 ಬರಬೇಕು. ಕಿಡ್ನಿ ಸೋತವರಲ್ಲಿ 3.1ರವರೆಗೂ ಸಹಜವೇ, ಹಾಗಾಗಿ 2 ಬಂತು ಅಂತ ಗಾಬರಿ ಬೇಡ. ಕಾಕಾಂದು ಕಪ್ಪಾ 2350, ಲ್ಯಾಂಬ್ಡಾ 11. ಭಾಗಿಸಿದರೆ ಸುಮಾರು 214.

ಕೊನೆಗೆ ಮಜ್ಜೆ ಪರೀಕ್ಷೆ. "ಬೆನ್ನಾಗಿನ ನೀರ್ ತಗೀತಾರ, ಕಾಲ್ ಹೋಗ್ತಾವ" ಅಂತ ಊರಲ್ಲಿ ಯಾರೋ ಹೆದರಿಸಿದ್ದರು. ಅದು ಬೇರೆ, ಇದು ಬೇರೆ. ಇಲ್ಲಿ ಸೊಂಟದ ಹಿಂದಿನ ದಪ್ಪ ಎಲುಬಿಗೆ ಮರಗಟ್ಟುವ ಸೂಜಿ ಕೊಟ್ಟು ಮಜ್ಜೆ ತೆಗೆಯುತ್ತಾರೆ, ಬೆನ್ನುಹುರಿಯ ಹತ್ತಿರವೂ ಹೋಗುವುದಿಲ್ಲ. ಎಳೆಯುವಾಗ ಕೆಲವು ಸೆಕೆಂಡ್ ಜಗ್ಗಿದ ಹಾಗೆ ನೋವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಕೆಟ್ಟ ಪ್ಲಾಸ್ಮಾ ಕಣ 10 ಶೇಕಡಾ ಅಥವಾ ಜಾಸ್ತಿ ಇದ್ದು, ಜೊತೆಗೆ ಕ್ಯಾಲ್ಸಿಯಂ, ಕಿಡ್ನಿ, ರಕ್ತ, ಎಲುಬು ಇವುಗಳಲ್ಲಿ ಒಂದಕ್ಕಾದರೂ ಅದರಿಂದ ಪೆಟ್ಟು ಬಿದ್ದಿದ್ದರೆ ಮೈಲೋಮಾ. ಕಾಕಾಂದು 48 ಶೇಕಡಾ, ನಾಲ್ಕೂ ಕೆಟ್ಟಿದ್ದವು. ಕೆಲವರಲ್ಲಿ ಸಣ್ಣ ಗೋಪುರ ಇರುತ್ತದೆ, 3 ಗ್ರಾಂಗಿಂತ ಕಡಿಮೆ, ಮಜ್ಜೆಯಲ್ಲಿ 10 ಶೇಕಡಾಕ್ಕಿಂತ ಕಡಿಮೆ, ಬೇರೆ ಏನೂ ಪೆಟ್ಟಿಲ್ಲ. ಅದು ಕ್ಯಾನ್ಸರ್ ಅಲ್ಲ. ವರ್ಷಕ್ಕೆ 100ರಲ್ಲಿ ಸುಮಾರು ಒಬ್ಬರಿಗೆ ಮುಂದೆ ರೋಗವಾಗಿ ತಿರುಗುತ್ತದೆ, ಹಾಗಾಗಿ ಔಷಧಿ ಇಲ್ಲದೆ ಆಗಾಗ ಟೆಸ್ಟ್ ಮಾಡಿಸುತ್ತಾ ಇರಬೇಕು.

ಎಲ್ಲಿ ಹೋಗುವುದು? ಕಲಬುರಗಿಯಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರ ಇದೆ, ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಜಿಮ್ಸ್ ಇದೆ. ಬೀದರಿನವರಿಗೆ ಬ್ರಿಮ್ಸ್, ಯಾದಗಿರಿಯವರಿಗೆ ಅಲ್ಲಿನ ಮೆಡಿಕಲ್ ಕಾಲೇಜು ಆಸ್ಪತ್ರೆಯಿಂದ ಶುರು ಮಾಡಬಹುದು. ಫ್ರೀ ಲೈಟ್ ಚೈನ್‌ನಂಥ ಟೆಸ್ಟಿನ ಸ್ಯಾಂಪಲ್ಲನ್ನು ನಮ್ಮಂಥ ಸಣ್ಣ ಲ್ಯಾಬುಗಳು ದೊಡ್ಡ ಊರಿಗೆ ಕಳಿಸುತ್ತವೆ, ಕೆಲವು ದಿನ ಹಿಡಿಯುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೊರಡುವ ಮೊದಲು ಕಾರ್ಡ್ ಅಲ್ಲಿ ನಡೆಯುತ್ತದಾ, ರೆಫರಲ್ ಚೀಟಿ ಬೇಕಾ ಅಂತ ಕೇಳಿಕೊಳ್ಳಿ. ನಾವು ಕೇಳದೆ ಹೋಗಿ ಒಂದು ಸಲ ವಾಪಸ್ ಬಂದೆವು.

ಹೆಜ್ಜೆ 6: ಔಷಧಿ ಶುರುವಾದ ಮೇಲೆ ಯಾವ ನಂಬರ್ ನೋಡಬೇಕು

ಕಿಡ್ನಿಗೆ ಪೆಟ್ಟು ಬಿದ್ದವರಲ್ಲಿ ಔಷಧಿ ಬೇಗ ಶುರುವಾಗಬೇಕು, ಯಾಕಂದರೆ ಬಿರಡೆ ಹಳೆಯದಾದಷ್ಟೂ ನಾಳ ವಾಪಸ್ ಬರುವುದು ಕಷ್ಟ. ಕಾಕಾಗೆ ವಾರಕ್ಕೊಂದು ಬೋರ್ಟೆಝೋಮಿಬ್ ಸೂಜಿ, ಹೊಟ್ಟೆಯ ಚರ್ಮದ ಕೆಳಗೆ. ಇದರ ಡೋಸನ್ನು ಕಿಡ್ನಿಗಾಗಿ ಕಡಿಮೆ ಮಾಡಬೇಕಾಗಿಲ್ಲ. ಜೊತೆಗೆ ಸೈಕ್ಲೋಫಾಸ್ಫಮೈಡ್ ಗುಳಿಗೆ ಮತ್ತು ಡೆಕ್ಸಾಮೆಥಾಸೋನ್. ಈಗ ಇನ್ನೂ ಬೇರೆ ಔಷಧಿಗಳಿವೆ, ಸ್ವಂತ ಕಾಂಡಕೋಶದ ಟ್ರಾನ್ಸ್‌ಪ್ಲಾಂಟ್ ಕೂಡ ಇದೆ. ಯಾರಿಗೆ ಯಾವುದು ಅನ್ನುವುದು ಡಾಕ್ಟರ್ ಹೇಳುವ ಮಾತು.

ಡೆಕ್ಸಾ ಬಗ್ಗೆ ಎರಡು ಮಾತು. ಜನವರಿಯಲ್ಲಿ ಊರಲ್ಲಿ ಒಂದು ಸೂಜಿ ಚುಚ್ಚಿದಾಗ ಕಾಕಾಗೆ ಎರಡು ವಾರ ಆರಾಮ ಆಗಿತ್ತು, "ಆ ಡಾಕ್ಟರ್ ಕೈಗುಣ ಚಲೋ" ಅಂದಿದ್ದರು. ಆಮೇಲೆ ಚೀಟಿ ನೋಡಿದರೆ ಅದು ಡೆಕ್ಸಾ. ಮೈಲೋಮಾ ಕಣವನ್ನು ಕೊಲ್ಲುವ ಔಷಧಿಯೇ ಅದು, ಹಾಗಾಗಿ ಸ್ವಲ್ಪ ದಿನ ರೋಗ ಅಡಗಿತು, ಟೆಸ್ಟು ತಡವಾಯಿತು. ಎರಡನೆಯದು, ಈ ಗುಳಿಗೆ ವಾರಕ್ಕೆ ಒಂದೇ ದಿನ, 20 ಅಥವಾ 40 ಮಿಲಿಗ್ರಾಂ ಒಟ್ಟಿಗೆ. ದಿನಾ ಅಂತ ತಿಳಿದು ನುಂಗಿದರೆ ಅಪಾಯ. ಕಾಕು ಕ್ಯಾಲೆಂಡರಿನ ಪ್ರತಿ ಸೋಮವಾರಕ್ಕೆ ಕುಂಕುಮ ಹಚ್ಚಿಟ್ಟಳು. ಸಕ್ಕರೆ ಕಾಯಿಲೆ ಇದ್ದವರು ಆ ದಿನ ಮತ್ತು ಮರುದಿನ ಶುಗರ್ ನೋಡಿಕೊಳ್ಳಬೇಕು. ಬೋರ್ಟೆಝೋಮಿಬ್ ಜೊತೆ ಸರ್ಪಸುತ್ತು ಬರದ ಹಾಗೆ ಅಸೈಕ್ಲೋವಿರ್ ಕೊಡುತ್ತಾರೆ, ಅದನ್ನು ಬಿಡಬೇಡಿ. ಪಾದದಲ್ಲಿ ಜೋಮು, ಉರಿ ಶುರುವಾದರೆ ತಾಳಿಕೊಂಡು ಕೂರದೆ ಹೇಳಿ, ಡೋಸ್ ಇಳಿಸುತ್ತಾರೆ. ಜ್ವರ 100.4 ದಾಟಿದರೆ ರಾತ್ರಿಯಾದರೂ ಫೋನ್ ಮಾಡಿ.

ವಾರ ವಾರ ದೂರ ಹೋಗುವುದು ಆಗದಿದ್ದರೆ ದೊಡ್ಡ ಆಸ್ಪತ್ರೆಯಲ್ಲಿ ಪ್ಲ್ಯಾನ್ ಬರೆಸಿಕೊಂಡು ಸೂಜಿ ಹತ್ತಿರದಲ್ಲಿ ಹಾಕಿಸಬಹುದಾ ಅಂತ ಕೇಳಿ. ನಾವು ಹಾಗೇ ಮಾಡಿದೆವು. ಎಲುಬು ಗಟ್ಟಿಗೆ ಕೊಡುವ ಜೊಲೆಡ್ರೋನಿಕ್ ಆಸಿಡನ್ನು ಕಿಡ್ನಿ ತೀರಾ ಸೋತಾಗ ಹಾಕುವುದಿಲ್ಲ. ಕಾಕಾಗೆ ಎರಡು ತಿಂಗಳ ನಂತರ ಕಡಿಮೆ ಡೋಸಿನಲ್ಲಿ ಹಾಕಿದರು. ಅದಕ್ಕೂ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ ಕೆಟ್ಟ ಹಲ್ಲು ಕೀಳಿಸಿದೆವು. ಇದು ಶುರುವಾದ ಮೇಲೆ ಹಲ್ಲು ಕೀಳಿಸಿದರೆ ದವಡೆ ಎಲುಬು ಮಾಯದೆ ಉಳಿಯುವ ಭಯ ಇದೆ.

ಮೂರು ವಾರಕ್ಕೆ ಹೊಸ ರಿಪೋರ್ಟ್ ಬಂತು. ಕಾಕಾ ಗೋಪುರದ ನಂಬರ್ ಮಾತ್ರ ನೋಡಿ ಮುಖ ಸಣ್ಣ ಮಾಡಿದರು. 5.9 ಇದ್ದದ್ದು 4.8.

"ಇಷ್ಟ್ ಸೂಜಿ ಚುಚ್ಚಿದ್ರೂ ಒಂದ್ ಪಾಯಿಂಟ್ ಇಳದದ. ಔಷಧ ಹತ್ತಿಲ್ಲ ಬಿಡೋ."

"ಕಾಕಾ, ಅದನ್ನ ಬಿಡ್ರಿ, ಇದನ್ನ ನೋಡ್ರಿ" ಅಂತ ಫ್ರೀ ಕಪ್ಪಾ ತೋರಿಸಿದೆ. 2350 ಇದ್ದದ್ದು 640. ಮಿಲ್ ಬಂದ್ ಆದರೂ ಗೋಡೌನಿನ ಹಳೇ ಮಾಲು ಅರ್ಧವಾಗಲು 3 ವಾರ ಬೇಕು ಅಂತ ಹೇಳಿದ್ದೆನಲ್ಲ, ಆ ಐಜಿಜಿ ಇಳಿಯುವುದು ನಿಧಾನ. ಲೈಟ್ ಚೈನ್ ಗಂಟೆಗಳಲ್ಲಿ ಹೋಗುವ ಮಾಲು, ಹಾಗಾಗಿ ಮಿಲ್ ನಿಂತಿದ್ದನ್ನು ಮೊದಲು ಹೇಳುವುದು ಅದೇ. ಕಿಡ್ನಿ ಉಳಿಯುತ್ತದಾ ಅನ್ನುವುದಕ್ಕೂ ಮೊದಲ ವಾರಗಳಲ್ಲಿ ಅದು ಅರ್ಧಕ್ಕಿಂತ ಜಾಸ್ತಿ ಇಳಿಯಿತಾ ಅನ್ನುವುದೇ ಸುಳಿವು. ಎರಡು ತಿಂಗಳಿಗೆ ಕ್ರಿಯಾಟಿನಿನ್ 1.7ಕ್ಕೆ ಬಂತು, ಅಲ್ಲೇ ನಿಂತಿತು. ಪೂರ್ತಿ ಮೊದಲಿನ ಹಾಗೆ ಆಗಲಿಲ್ಲ. ನಾಲ್ಕು ತಿಂಗಳಿಗೆ ಗೋಪುರ 1.1, ಹಿಮೋಗ್ಲೋಬಿನ್ 10.9. ಕುಸಿದ ಎಲುಬು ಕುಸಿದೇ ಇದೆ, ಎತ್ತರ ಒಂದು ಇಂಚು ಕಡಿಮೆಯಾಗಿದೆ, ಪಂಚೆ ನೆಲಕ್ಕೆ ತಾಗುತ್ತದೆ ಅಂತ ಮೇಲೆ ಎತ್ತಿ ಕಟ್ಟುತ್ತಾರೆ.

ಈ ರೋಗ ಹತೋಟಿಗೆ ಬರುತ್ತದೆ, ಬಹುತೇಕರಲ್ಲಿ ಮತ್ತೆ ತಲೆ ಎತ್ತುತ್ತದೆ. ಹಾಗಾಗಿ ನಂಬರ್ ಬರೆದಿಡಬೇಕು, ಸಾಧ್ಯವಾದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಬೇಕು, ಯಾಕಂದರೆ ಫ್ರೀ ಲೈಟ್ ಚೈನ್ ಬೇರೆ ಬೇರೆ ಕಿಟ್ಟಿನಲ್ಲಿ ಬೇರೆ ಬೇರೆ ಬರುತ್ತದೆ. ಕಾಕಾ ತೊಗರಿ ಚೀಲದ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಐದು ಗೆರೆ ಎಳೆದಿದ್ದಾರೆ: ಕಪ್ಪಾ, ಗೋಪುರ, ಕ್ರಿಯಾಟಿನಿನ್, ಕ್ಯಾಲ್ಸಿಯಂ, ರಕ್ತ. ಕಳೆದ ತಿಂಗಳು ಅವರ ಪಕ್ಕದ ಹೊಲದವರೊಬ್ಬರು ಸೊಂಟ ಹಿಡಿದುಕೊಂಡು ನಮ್ಮ ಲ್ಯಾಬಿಗೆ ಬಂದರು, ಕೈಯಲ್ಲಿ ಹಳೇ ಲಿವರ್ ರಿಪೋರ್ಟು. ಕಾಕಾ ಕಳಿಸಿದ್ದಂತೆ. ಕಳೆದು ನೋಡಿದೆ. 2.9 ಬಂತು. ಕ್ರಿಯಾಟಿನಿನ್, ಹಿಮೋಗ್ಲೋಬಿನ್ ಎರಡೂ ಸರಿ ಇದ್ದವು. ಎಲುಬಿನ ಡಾಕ್ಟರಿಗೆ ತೋರಿಸಿ ಅಂತ ಚೀಟಿ ಬರೆದುಕೊಟ್ಟೆ.